ತಳಕ್ಕಿಳಿಯದ ಸೌಟು

ನನ್ನ ಅಕ್ಕನ ಮಗಳು ಹೊಸದುರ್ಗ ತಾಲ್ಲೂಕಿನ ಹಳ್ಳಿಯಿಂದ ಪಿಯುಸಿ ಓದಲೆಂದು ದಾವಣಗೆರೆಗೆ ಬಂದು ನಮ್ಮ ಮನೆಯಲ್ಲಿ ಉಳಿದುಕೊಂಡು ಎರಡು ವರ್ಷವಾಗುತ್ತಾ ಬಂತು. ಅವಳಿಗೆ ಈಗ 17, ನನ್ನ ಮಗನಿಗೆ 14. ಮೊಬೈಲಿನಲ್ಲಿ ಯುದ್ಧದ ತುಣುಕುಗಳು ಒಂದರ ಹಿಂದೊಂದು ಬರುತ್ತಿದ್ದ ದಿನಗಳಲ್ಲಿ, ಕಟ್ಟಡವೊಂದು ಕುಸಿಯುವ ದೃಶ್ಯವನ್ನು ಯಾರೋ ಹಾಡಿಗೆ ಜೋಡಿಸಿ ಹಾಕಿದ್ದನ್ನು ಮಗ ನಾಲ್ಕೈದು ಸಲ ಹಿಂದಕ್ಕೆ ಸರಿಸಿ ಸರಿಸಿ ನೋಡುತ್ತಿದ್ದ. ಅವನ ಮುಖದಲ್ಲಿ ಕ್ರೌರ್ಯವೇನೂ ಇರಲಿಲ್ಲ. ಕ್ರಿಕೆಟ್ಟಿನ ಸಿಕ್ಸರ್ ನೋಡುವಾಗಿನ ಕುತೂಹಲವೇ ಅಲ್ಲಿಯೂ ಇತ್ತು. ಆ ಕಟ್ಟಡದಲ್ಲಿ ಅಡುಗೆಮನೆಗಳಿದ್ದವು ಎಂಬುದು ಅವನಿಗೆ ಹೊಳೆದಿರಲಿಲ್ಲ. ಬೈದರೆ ಹೊಳೆಯುವ ವಿಷಯವೂ ಅದಲ್ಲ ಎಂದು ತೋರಿ, ನಾನು ವರ್ಷಗಳಿಂದ ಮತ್ತೆ ಮತ್ತೆ ನೋಡುತ್ತಾ ಬಂದಿರುವ ಮೂರು ಚಿತ್ರಗಳನ್ನು ಇಬ್ಬರಿಗೂ ಒಂದೊಂದಾಗಿ, ನಡುವೆ ಸಾಕಷ್ಟು ವಾರಗಳ ಬಿಡುವು ಕೊಟ್ಟು ತೋರಿಸಿದೆ.

ಚಿತ್ರದುರ್ಗದ ಕಡೆಯ ಮಕ್ಕಳಿಗೆ ಯುದ್ಧದ ಕಥೆ ಹೊಸದೇನಲ್ಲ. ಕೋಟೆಗೆ ಹೋದಾಗ ಓಬವ್ವನ ಕಿಂಡಿಯಲ್ಲಿ ನುಸುಳಿ ಆಚೆಗೆ ಬಂದು ಒನಕೆ ಎತ್ತಿದಂತೆ ಕೈ ಮಾಡಿ ನಿಲ್ಲದ ಮಗುವನ್ನು ನಾನು ಕಂಡಿಲ್ಲ. ಆದರೆ ಆ ಕಥೆಯನ್ನು ಸಾವಧಾನವಾಗಿ ಕೇಳಿದರೆ ಅದು ಶುರುವಾಗುವುದೇ ಒಂದು ಊಟದಿಂದ: ಕಾವಲಿನ ಗಂಡ ಉಣ್ಣಲು ಮನೆಗೆ ಬಂದಿದ್ದಾನೆ, ಕುಡಿಯಲು ನೀರಿಲ್ಲ, ನೀರು ತರಲು ಹೋದ ಹೆಂಡತಿಗೆ ಕಿಂಡಿಯ ಬಳಿ ಸದ್ದು ಕೇಳಿಸುತ್ತದೆ, ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ. ನಾವು ಒನಕೆಯನ್ನು ನೆನಪಿಟ್ಟುಕೊಂಡೆವು, ಅರ್ಧಕ್ಕೆ ನಿಂತ ಊಟವನ್ನು ಮರೆತೆವು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದನ್ನು ಓದುತ್ತೇವೆ. ಅಂದು ಕೋಟೆಯೊಳಗಿನ ಮನೆಗಳಲ್ಲಿ ಒಲೆ ಹೊತ್ತಿತೇ ಎಂದು ಯಾರೂ ಕೇಳುವುದಿಲ್ಲ. ನಾನು ಆರಿಸಿಕೊಂಡ ಮೂರು ಚಿತ್ರಗಳೂ ಕೇಳುವುದು ಅದನ್ನೇ. ಅವುಗಳಲ್ಲಿ ಯುದ್ಧವನ್ನು ಅಳೆಯುವುದು ಸತ್ತ ಸೈನಿಕರ ಲೆಕ್ಕದಿಂದಲ್ಲ, ಪಾತ್ರೆಯಲ್ಲಿ ಉಳಿದ ಅಕ್ಕಿಯಿಂದ.

ಮೊದಲು ತೋರಿಸಿದ್ದು ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ಜಪಾನಿನ ಘಿಬ್ಲಿ ಸ್ಟುಡಿಯೊದಲ್ಲಿ ಇಸಾವೊ ತಕಹಾತಾ ನಿರ್ದೇಶಿಸಿ 1988ರಲ್ಲಿ ತೆರೆಗೆ ಬಂದ, ಸುಮಾರು ಒಂದೂವರೆ ಗಂಟೆಯ ಅನಿಮೇಷನ್ ಚಿತ್ರ. ಚಿತ್ರಿಸಿದ ಗೊಂಬೆಗಳ ಸಿನಿಮಾ ಎಂದು ಚಿಕ್ಕಮಕ್ಕಳ ಮುಂದೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೆಯ ಮಹಾಯುದ್ಧದ ಕಾಲದ ಈ ಕಥೆಯ ಹುಡುಗ ಸೇತಾನಿಗೆ 14 ವರ್ಷ, ಅವನ ತಂಗಿ ಸೆತ್ಸುಕೊಗೆ 4. ನೋಡುವವರು ಕನಿಷ್ಠ ಸೇತಾನ ವಯಸ್ಸಿನವರಾದರೂ ಆಗಿರಬೇಕು ಎಂಬುದು ನನ್ನ ಲೆಕ್ಕ, ಏಕೆಂದರೆ ಅದಕ್ಕಿಂತ ಚಿಕ್ಕವರು ತಂಗಿಯ ಜಾಗದಲ್ಲಿ ನಿಂತು ಬರೀ ಹೆದರುತ್ತಾರೆ, ಅಣ್ಣನ ಜಾಗದಲ್ಲಿ ನಿಂತು ಯೋಚಿಸಲಾರರು.

ಚಿತ್ರ ತನ್ನ ಕೊನೆಯನ್ನು ಮುಚ್ಚಿಡುವುದಿಲ್ಲ. ಮೊದಲ ಮಾತೇ ಸತ್ತ ಹುಡುಗನದು: 1945ರ ಸೆಪ್ಟೆಂಬರ್ 21ರ ರಾತ್ರಿ ತಾನು ಸತ್ತೆ ಎಂದು ಅವನೇ ಹೇಳುತ್ತಾನೆ. ಕೋಬೆ ನಗರದ ರೈಲು ನಿಲ್ದಾಣದ ಕಂಬಕ್ಕೆ ಒರಗಿ ಸತ್ತ ಅವನ ಬಳಿ ಕಸ ಗುಡಿಸುವವನಿಗೆ ಹಣ್ಣಿನ ಪೆಪ್ಪರ್‌ಮೆಂಟಿನ ಒಂದು ತಗಡಿನ ಡಬ್ಬಿ ಸಿಗುತ್ತದೆ. ಅದನ್ನು ಅವನು ಕತ್ತಲಲ್ಲಿ ಹುಲ್ಲಿನ ಕಡೆಗೆ ಎಸೆದಾಗ ಒಳಗಿನಿಂದ ಸಣ್ಣ ಮೂಳೆಯ ಚೂರುಗಳು ಚೆಲ್ಲುತ್ತವೆ, ಸುತ್ತ ಮಿಣುಕುಹುಳುಗಳು ಏಳುತ್ತವೆ. ಹೀಗಾಗಿ ಹುಡುಗರಿಗೆ ಚಿತ್ರದ ಕೊನೆಯನ್ನು ಮೊದಲೇ ಹೇಳಿಬಿಡುವುದರಿಂದ ಏನೂ ಕೆಡುವುದಿಲ್ಲ. ನಾನು ಹೇಳಿಯೇ ಕೂರಿಸಿದೆ. ಬದುಕುತ್ತಾರೋ ಇಲ್ಲವೋ ಎಂಬ ಆತಂಕ ಇಲ್ಲದಿದ್ದಾಗ, ಹೇಗೆ ಸತ್ತರು ಎಂಬುದರ ಕಡೆಗೆ, ಅಂದರೆ ದಿನದಿನದ ಸಣ್ಣ ನಿರ್ಧಾರಗಳ ಕಡೆಗೆ ಗಮನ ಹೋಗುತ್ತದೆ. ಜೊತೆಗೆ ಮುನ್ನೆಚ್ಚರಿಕೆಯಾಗಿ ಹೇಳಬೇಕಾದ ಒಂದು ದೃಶ್ಯವಿದೆ: ಬಾಂಬ್ ದಾಳಿಯಲ್ಲಿ ಸುಟ್ಟ ತಾಯಿಯನ್ನು ಮೈತುಂಬ ಬಟ್ಟೆ ಸುತ್ತಿ ಶಾಲೆಯೊಂದರಲ್ಲಿ ಮಲಗಿಸಿರುವುದು, ಆಮೇಲೆ ಅವಳ ದೇಹದ ಮೇಲೆ ಹುಳುಗಳು ಕಾಣಿಸುವುದು. ಅಲ್ಲಿ ಕಣ್ಣು ಮುಚ್ಚಿಕೊಂಡರೂ ತಪ್ಪಿಲ್ಲ ಎಂದು ಮೊದಲೇ ಹೇಳಿದ್ದೆ. ಮಗ ಮುಚ್ಚಿಕೊಂಡ, ಅಕ್ಕನ ಮಗಳು ಮುಚ್ಚಿಕೊಳ್ಳಲಿಲ್ಲ.

ತಾಯಿ ಸತ್ತ ಮೇಲೆ ಮಕ್ಕಳಿಬ್ಬರೂ ನಿಶಿನೋಮಿಯಾ ಎಂಬಲ್ಲಿ ದೂರದ ಸಂಬಂಧದ ಹೆಂಗಸೊಬ್ಬಳ ಮನೆಗೆ ಹೋಗುತ್ತಾರೆ. ನಮ್ಮ ವರಸೆಯಲ್ಲಿ ಹೇಳುವುದಾದರೆ ಚಿಕ್ಕಮ್ಮ. ದಾಳಿಗೆ ಮುಂಚೆ ಹಿತ್ತಲಿನಲ್ಲಿ ಹೂತಿಟ್ಟಿದ್ದ ಆಹಾರವನ್ನು ಸೇತಾ ಅಗೆದು ತಂದುಕೊಟ್ಟಾಗ ಅವಳ ಮುಖ ಅರಳುತ್ತದೆ. ಆಮೇಲೆ, ಸತ್ತ ತಾಯಿಯ ಕಿಮೋನೊಗಳನ್ನು ಕೊಟ್ಟು ಅಕ್ಕಿ ತರಬಹುದಲ್ಲ ಎಂದು ಅವಳೇ ಸೂಚಿಸುತ್ತಾಳೆ. ಸೆತ್ಸುಕೊ ಅಮ್ಮನ ಬಟ್ಟೆ ಹಿಡಿದುಕೊಂಡು ಅಳುತ್ತಾಳೆ. ಬಂದ ಅಕ್ಕಿಯಲ್ಲಿ ಒಂದು ಪಾಲು ಮಾತ್ರ ಮಕ್ಕಳಿಗೆ ಸಿಗುತ್ತದೆ. ಆಮೇಲೆ ಬರುವುದೇ ನನಗೆ ಇಡೀ ಚಿತ್ರದ ನಡುಗಂಬವಾಗಿ ಕಾಣುವ ದೃಶ್ಯ. ಚಿಕ್ಕಮ್ಮ ಗಂಜಿ ಬಡಿಸುತ್ತಿದ್ದಾಳೆ. ಕೆಲಸಕ್ಕೆ ಹೋಗುವ ತನ್ನ ಮಗಳಿಗೂ ಮನೆಯಲ್ಲಿರುವ ಬಾಡಿಗೆಯವನಿಗೂ ಬಡಿಸುವಾಗ ಸೌಟು ಪಾತ್ರೆಯ ತಳಕ್ಕಿಳಿದು ಅಗುಳು ಎತ್ತಿಕೊಂಡು ಬರುತ್ತದೆ. ಈ ಇಬ್ಬರು ಮಕ್ಕಳ ಬಟ್ಟಲಿಗೆ ಮೇಲಿನ ತಿಳಿ ಮಾತ್ರ ಬೀಳುತ್ತದೆ. ಅಲ್ಲಿ ಯಾರೂ ಕೂಗಾಡುವುದಿಲ್ಲ, ಸಂಗೀತ ಏರುವುದಿಲ್ಲ. ಬಡಿಸಿ ಗೊತ್ತಿರುವವರಿಗೆ ಮಾತ್ರ ತಕ್ಷಣ ಅರ್ಥವಾಗುವ ದೃಶ್ಯ ಅದು. ಹುಡುಗರು ಅದನ್ನು ಗಮನಿಸದೆ ಮುಂದೆ ಹೋಗಿಬಿಡುವ ಸಂಭವವಿದೆ, ಹಾಗಾಗಿ ನಾನು ಚಿತ್ರವನ್ನು ನಿಲ್ಲಿಸಿದ ಒಂದೇ ಜಾಗ ಅದು.

“ಎಂಥ ಕೆಟ್ಟ ಹೆಂಗಸು” ಎಂದ ಮಗ. ಎಲ್ಲರೂ ಮೊದಲು ಹೇಳುವುದು ಅದನ್ನೇ. ಉತ್ತರವಾಗಿ ನಾನು ಅವನಿಂದ ಅಡುಗೆಮನೆಯ ತಕ್ಕಡಿಯಲ್ಲಿ 330 ಗ್ರಾಂ ಅಕ್ಕಿ ತೂಗಿಸಿದೆ. ಜಪಾನಿನಲ್ಲಿ 1941ರಿಂದ ದೊಡ್ಡವರೊಬ್ಬರಿಗೆ ದಿನಕ್ಕೆ ಗೊತ್ತುಮಾಡಿದ್ದ ಪಡಿತರ ಅಷ್ಟು. 1945ರ ಜುಲೈನಲ್ಲಿ ಅದನ್ನೂ ಹತ್ತನೇ ಒಂದು ಪಾಲು ಇಳಿಸಿದರು. ತಟ್ಟೆಯಲ್ಲಿ ಹರವಿದ ಅಕ್ಕಿ ಅವನಿಗೆ ಸಾಕಷ್ಟಿದೆ ಎಂದೇ ಕಂಡಿತು. ಆಗ ನಾವು ಮೂವರೂ ಕೂತು ಅದರಿಂದ ಒಂದೊಂದನ್ನೇ ಕಳೆಯುತ್ತಾ ಹೋದೆವು. ಇದರ ಜೊತೆ ಬೇಳೆ ಇಲ್ಲ, ಎಣ್ಣೆ ಇಲ್ಲ, ಹಾಲು ಇಲ್ಲ, ತರಕಾರಿ ಇದ್ದರೆ ಇದೆ. ಅಂದರೆ ದಿನವಿಡೀ ದೇಹಕ್ಕೆ ಸಿಗುವುದು ಸುಮಾರು 1,150 ಕ್ಯಾಲೊರಿ, ಬೆಳೆಯುವ ಹುಡುಗನಿಗೆ ಬೇಕಾದದ್ದರ ಅರ್ಧದಷ್ಟು. ಅದೂ ಪೂರ್ತಿ ಅಕ್ಕಿಯಲ್ಲ, ಅಕ್ಕಿಯ ಬದಲು ಗೆಣಸು, ಸೋಯಾ ಅವರೆಯಂಥವನ್ನು ಲೆಕ್ಕಕ್ಕೆ ಸೇರಿಸಿ ಕೊಡುತ್ತಿದ್ದರು. ನಾಲ್ಕು ವರ್ಷದ ಮಗುವಿನ ಪಾಲು ಇದಕ್ಕಿಂತ ಕಡಿಮೆ. ಇಷ್ಟರಲ್ಲಿ ಕಾರ್ಖಾನೆಗೆ ದುಡಿಯಲು ಹೋಗುವವರು ಇಬ್ಬರು, ಮನೆಯಲ್ಲಿ ಕೂತಿರುವವರು ಇಬ್ಬರು. ಈಗ ಹೇಳು, ಸೌಟು ನಿನ್ನ ಕೈಯಲ್ಲಿದ್ದರೆ ಯಾರ ಬಟ್ಟಲಿಗೆ ತಳದ ಅಗುಳು ಹಾಕುತ್ತೀಯ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಲ್ಕು ಜನಕ್ಕೂ ಒಂದೇ ಸಮ” ಎಂದ. ಹಾಗೆ ಹಾಕಿದರೆ ದುಡಿಯುವವರಿಬ್ಬರೂ ಎಷ್ಟು ವಾರ ನಿಂತಾರು ಎಂದು ಅಕ್ಕನ ಮಗಳು ಕೇಳಿದಳು. ಆ ಚಿಕ್ಕಮ್ಮ ಒಳ್ಳೆಯವಳೆಂದು ಸಾಧಿಸುವುದು ನಮ್ಮ ಉದ್ದೇಶವಾಗಿರಲಿಲ್ಲ. ಅವಳ ನಾಲಿಗೆ ಕ್ರೂರವಾದದ್ದೇ. ಆದರೆ ಶಾಂತಿಯ ಕಾಲದಲ್ಲಿ ಬರೀ ಕಟು ನಾಲಿಗೆಯ ಹೆಂಗಸಾಗಿ ಉಳಿಯುತ್ತಿದ್ದವಳು, ಪಾತ್ರೆ ಬರಿದಾಗುತ್ತಾ ಬಂದಂತೆ ಮಕ್ಕಳ ಸಾವಿಗೆ ದಾರಿ ಮಾಡಿದವಳಾಗುತ್ತಾಳೆ ಎಂಬುದು ಲೆಕ್ಕ ಹಾಕಿದ ಮೇಲೆ ಕಾಣಿಸತೊಡಗುತ್ತದೆ.

ಎರಡನೆಯ ಪ್ರಶ್ನೆಯನ್ನು ಅಕ್ಕನ ಮಗಳು ಎತ್ತಿದಳು. ಚಿಕ್ಕಮ್ಮನ ಮಾತು ಸಹಿಸಲಾಗದೆ ಸೇತಾ ತಂಗಿಯನ್ನು ಕರೆದುಕೊಂಡು ಹೊರಟು ಕೆರೆಯ ದಂಡೆಯ ಪಾಳು ಬಾಂಬ್ ಆಶ್ರಯದ ಗುಹೆಯಲ್ಲಿ ಸಂಸಾರ ಹೂಡುತ್ತಾನೆ. ಅವನ ತಾಯಿಯ ಬ್ಯಾಂಕ್ ಖಾತೆಯಲ್ಲಿ 7,000 ಯೆನ್ ಇದೆ. “ಚಿಕ್ಕಮ್ಮ, ಬ್ಯಾಂಕಿನಾಗೆ ಅಷ್ಟು ದುಡ್ಡು ಐತಲ್ಲ, ಯಾಕೆ ಉಪವಾಸ ಬೀಳ್ತಾರೆ?” ಎಂದು ಅವಳು ಕೇಳಿದಳು. ಈ ಪ್ರಶ್ನೆ ಬಂದರೆ ಹುಡುಗರು ಚಿತ್ರವನ್ನು ಸರಿಯಾಗಿ ನೋಡುತ್ತಿದ್ದಾರೆ ಎಂದು ತಿಳಿಯಬಹುದು. ಉತ್ತರ ಚಿತ್ರದಲ್ಲೇ ಇದೆ, ಒಬ್ಬ ರೈತನ ಬಾಯಲ್ಲಿ. ಧಾನ್ಯ ಕೊಡಲು ಅವನ ಬಳಿಯೂ ಇಲ್ಲ. ಅವನು ಸೇತಾನಿಗೆ ಹೇಳುವುದು, ವಾಪಸ್ ಹೋಗಿ ಆ ಮನೆಯವರ ಕ್ಷಮೆ ಕೇಳು, ಈಗ ಎಲ್ಲವೂ ಪಡಿತರದ ಮೇಲೆ ನಡೆಯುತ್ತದೆ, ನೆರೆಹೊರೆ ಸಂಘದಲ್ಲಿ ಹೆಸರಿಲ್ಲದವರು ಬದುಕಲಾರರು ಎಂದು. ಆಗಿನ ಜಪಾನಿನಲ್ಲಿ ಅಕ್ಕಪಕ್ಕದ ಒಂದಷ್ಟು ಮನೆಗಳನ್ನು ಸೇರಿಸಿ ‘ತೊನಾರಿಗುಮಿ’ ಎಂಬ ಗುಂಪು ಕಟ್ಟಿದ್ದರು. ಪಡಿತರ ಹಂಚಿಕೆ, ಬೆಂಕಿ ಆರಿಸುವುದು, ಸರ್ಕಾರದ ಸುತ್ತೋಲೆ, ಎಲ್ಲವೂ ಅದರ ಮೂಲಕವೇ. ಮನೆ ಬಿಟ್ಟ ದಿನವೇ ಆ ಮಕ್ಕಳು ಪಟ್ಟಿಯಿಂದ ಬಿದ್ದುಹೋದರು. ದುಡ್ಡು ಇತ್ತು, ಆದರೆ ದುಡ್ಡಿಗೆ ಮಾರುವವರು ಇರಲಿಲ್ಲ. ಕಿಮೋನೊ ಇದ್ದವರಿಗೆ ಅಕ್ಕಿ ಸಿಗುತ್ತಿತ್ತು, ಕಿಮೋನೊ ಆಗಲೇ ಮುಗಿದಿತ್ತು. ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಲು ಅಲೆದಾಡಿದ ಮನೆಯಿಂದ ಬಂದವಳು ಅಕ್ಕನ ಮಗಳು. ಹೆಸರು ಪಟ್ಟಿಯಲ್ಲಿ ಇಲ್ಲದಿರುವುದು ಎಂದರೇನು ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ತಕಹಾತಾ ಈ ಚಿತ್ರವನ್ನು ಯುದ್ಧವಿರೋಧಿ ಚಿತ್ರವೆಂದು ಕರೆಯಲು ಒಪ್ಪುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ತನ್ನ ಕಾಲದ ಹದಿಹರೆಯದವರು ಸೇತಾನಂತೆಯೇ ಇದ್ದಾರೆ, ಕಿರಿಕಿರಿಯ ಸಂಬಂಧಗಳನ್ನು ಸಹಿಸದೆ ತಮ್ಮದೇ ಪುಟ್ಟ ಲೋಕ ಕಟ್ಟಿಕೊಳ್ಳಲು ಹೊರಡುತ್ತಾರೆ ಎಂಬುದು ಅವರ ಮನಸ್ಸಿನಲ್ಲಿತ್ತು. ಅಂಥವರು ನೋಡಲಿ ಎಂದೇ ಮಾಡಿದರು. ಅವರ ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ: ನಾವು ಇಷ್ಟು ನೊಂದೆವು ಎಂದು ತೋರಿಸುವ ಚಿತ್ರ ಮುಂದಿನ ಯುದ್ಧವನ್ನು ತಡೆಯಲಾರದು, ಏಕೆಂದರೆ ಇಂಥ ನೋವು ಮತ್ತೆ ಬರಬಾರದು ಎಂದು ಹೇಳಿಯೇ ಯುದ್ಧ ಹೂಡುತ್ತಾರೆ ಎಂಬ ಅರ್ಥದಲ್ಲಿ ಅವರು ಹೇಳಿದ್ದರು. ಒಂಬತ್ತು ವರ್ಷದ ಬಾಲಕನಾಗಿದ್ದಾಗ, 1945ರ ಜೂನ್ ಕೊನೆಯಲ್ಲಿ ಒಕಾಯಾಮಾ ನಗರದ ಮೇಲಾದ ದಾಳಿಯಲ್ಲಿ ಬರಿಗಾಲಲ್ಲಿ ಅಕ್ಕನೊಂದಿಗೆ ಓಡಿ ಬದುಕಿದವರು ಅವರು. ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಅವರದು ಇನ್ನೂ ಭಾರವಾದ ನೆನಪು. ಅವರ ಪುಟ್ಟ ತಂಗಿ 1945ರಲ್ಲಿ ಹಸಿವಿನಿಂದ ಸತ್ತಳು; ಕಥೆಯ ಸೇತಾನಷ್ಟು ಒಳ್ಳೆಯ ಅಣ್ಣ ತಾನಾಗಿರಲಿಲ್ಲ, ಅವಳ ಪಾಲಿನದನ್ನೂ ತಾನು ತಿಂದೆ ಎಂದು ಅವರು ಒಪ್ಪಿಕೊಂಡರು. 1967ರಲ್ಲಿ ಬರೆದ ಆ ಕಥೆ ಕ್ಷಮೆ ಕೇಳುವ ಒಂದು ಬಗೆ. ಇದನ್ನು ಚಿತ್ರ ಮುಗಿದ ಮೇಲೆ ಹೇಳಿದೆ, ಮುಂಚೆಯಲ್ಲ. ಮಗನ ಮುಖ ಬದಲಾದದ್ದು ಚಿತ್ರ ನೋಡುವಾಗಲ್ಲ, ಇದನ್ನು ಕೇಳಿದಾಗ.

ಮೂರನೆಯ ಪ್ರಶ್ನೆ ಕಲ್ಲಂಗಡಿಯದು. ತಂಗಿಯ ಮೈಮೇಲೆ ಗಂದೆ ಏಳುತ್ತದೆ, ಭೇದಿ ನಿಲ್ಲುವುದಿಲ್ಲ. ವೈದ್ಯರು ಇದು ಅಪೌಷ್ಟಿಕತೆ, ಪುಷ್ಟಿಯ ಆಹಾರ ಕೊಡು ಎನ್ನುತ್ತಾರೆ. ಅದನ್ನು ಎಲ್ಲಿಂದ ತರಲಿ ಎಂದು ಹುಡುಗ ಕಿರುಚುತ್ತಾನೆ. ಕೊನೆಗೆ ಬ್ಯಾಂಕಿನ ಉಳಿದ 3,000 ಯೆನ್ ತೆಗೆಯಲು ಹೋದಾಗಲೇ ಅವನಿಗೆ ಜಪಾನ್ ಶರಣಾದದ್ದೂ, ತಂದೆಯಿದ್ದ ನೌಕಾಪಡೆ ಮುಳುಗಿದ್ದೂ ಗೊತ್ತಾಗುತ್ತದೆ. ಆಹಾರ ಹೊತ್ತು ಗುಹೆಗೆ ಬಂದರೆ ತಂಗಿ ಆಟದ ಗಾಜಿನ ಬಿಲ್ಲೆಗಳನ್ನು ಪೆಪ್ಪರ್‌ಮೆಂಟ್ ಎಂದುಕೊಂಡು ಚೀಪುತ್ತಿದ್ದಾಳೆ, ಮಣ್ಣಿನ ಉಂಡೆಗಳನ್ನು ಅನ್ನ ಎಂದು ಅಣ್ಣನಿಗೆ ಕೊಡುತ್ತಾಳೆ. ಅವನು ಕಲ್ಲಂಗಡಿಯ ಚೂರು ಬಾಯಿಗಿಡುತ್ತಾನೆ. ಅವಳು ಅಣ್ಣನಿಗೆ ಥ್ಯಾಂಕ್ಸ್ ಹೇಳಿ ಮಲಗಿದವಳು ಏಳುವುದಿಲ್ಲ. ತಿನ್ನಲು ಸಿಕ್ಕ ಮೇಲೂ ಯಾಕೆ ಸತ್ತಳು ಎಂದು ಮಗ ಕೇಳಿದ. ಹಸಿವೆಂದರೆ ಖಾಲಿ ಹೊಟ್ಟೆ, ತುಂಬಿದರೆ ಸರಿಹೋಗುತ್ತದೆ ಎಂಬುದು ನಮ್ಮ ಮಕ್ಕಳ ತಿಳಿವಳಿಕೆ. ವಾರಗಟ್ಟಲೆ ಸರಿಯಾದ ಆಹಾರ ಸಿಗದ ಮಗುವಿನ ದೇಹ ಮೊದಲು ತನ್ನ ಕೊಬ್ಬನ್ನೂ ಆಮೇಲೆ ತನ್ನ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ಚರ್ಮ ಒಡೆಯುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಬಲ ಕುಂದುತ್ತದೆ. ಕರುಳು ಎಷ್ಟು ಹಾಳಾಗುತ್ತದೆಂದರೆ ತಿಂದದ್ದನ್ನು ಹೀರಿಕೊಳ್ಳಲು ಅದರಿಂದ ಆಗುವುದಿಲ್ಲ. ಆ ಹಂತದಲ್ಲಿ ಬೇಕಾದದ್ದು ಆಸ್ಪತ್ರೆ. ಈ ಚಿತ್ರದಲ್ಲಿ ಯುದ್ಧ ಮುಗಿದದ್ದು ಆಗಸ್ಟ್ 15ಕ್ಕೆ, ತಂಗಿ ಸತ್ತದ್ದು ಆಮೇಲೆ, ಅಣ್ಣ ಸತ್ತದ್ದು ಸೆಪ್ಟೆಂಬರ್‌ನಲ್ಲಿ. ಇಬ್ಬರೂ ಸತ್ತದ್ದು ಶಾಂತಿಯ ಕಾಲದಲ್ಲಿ.

ಈಗ ನನ್ನ ತಪ್ಪಿನ ವಿಷಯ. ಚಿತ್ರ ನೋಡಿ ಮಗ ಅತ್ತ, ಪ್ರಶ್ನೆ ಕೇಳಿದ, ರಾತ್ರಿ ಎಂದಿನಂತೆ ಉಂಡ. ಅಕ್ಕನ ಮಗಳು ಅಳಲಿಲ್ಲ, ನನ್ನೊಂದಿಗೆ ಚೆನ್ನಾಗಿಯೇ ಮಾತಾಡಿದಳು, ಹಾಗಾಗಿ ಅವಳು ಗಟ್ಟಿ ಎಂದುಕೊಂಡೆ. ಮರುದಿನ ಅವಳು ಒಂದೇ ರೊಟ್ಟಿ ಹಾಕಿಸಿಕೊಂಡು ಎದ್ದಳು. ಅದರ ಮರುದಿನ ಅನ್ನಕ್ಕೆ ಕೈಯಡ್ಡ ಹಿಡಿದಳು. ಪರೀಕ್ಷೆಯ ಚಿಂತೆ ಇರಬೇಕೆಂದುಕೊಂಡೆ. ನಾಲ್ಕನೆಯ ದಿನ ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಅವಳು ಎಲ್ಲರ ತಟ್ಟೆಯನ್ನೂ ತೊಳೆದು ಬೋರಲು ಹಾಕಿದ್ದಳು, ಯಾರೂ ಹೇಳದಿದ್ದರೂ. ಆಗ ನನಗೆ ಸೌಟಿನ ದೃಶ್ಯ ನೆನಪಾಯಿತು. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುವ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಕೂತುಣ್ಣುವವರಿಗೆ ತಿಳಿ, ದುಡಿಯುವವರಿಗೆ ಅಗುಳು ಎಂಬ ದೃಶ್ಯವನ್ನು ನಿಲ್ಲಿಸಿ, ತಕ್ಕಡಿ ತಂದು ಲೆಕ್ಕ ಹಾಕಿಸಿದವಳು ನಾನೇ. ಅವಳ ಪಕ್ಕ ಕೂತು ಅವಳ ತಟ್ಟೆಗೆ ಪಾತ್ರೆಯ ತಳದಿಂದಲೇ ಬಡಿಸಿದೆ. ನಾನು ಏನೂ ಹೇಳಲಿಲ್ಲ. ಅವಳಿಗೆ ಅರ್ಥವಾಯಿತು, ಆಗ ಅತ್ತಳು.

ಅದಕ್ಕೇ ಇದನ್ನು ತೋರಿಸುವವರಿಗೆ ಹೇಳುತ್ತೇನೆ: ಅಳುವವರ ಬಗ್ಗೆ ಅಷ್ಟು ಚಿಂತೆ ಬೇಡ, ಅಳದವರ ಊಟ ನಿದ್ದೆಗಳನ್ನು ಒಂದು ವಾರ ಗಮನಿಸಿ. ತೋರಿಸುವ ಮುಂಚೆ, ನೋಡುವ ಹುಡುಗ ಹುಡುಗಿಯರ ಮನೆಯ ಸ್ಥಿತಿ ಕಥೆಗೆ ಎಲ್ಲಿ ತಾಗುತ್ತದೆ ಎಂದು ಯೋಚಿಸಿ. ಇತ್ತೀಚೆಗೆ ತಾಯಿಯನ್ನೋ ತಂಗಿಯನ್ನೋ ಕಳೆದುಕೊಂಡವರಿಗೆ ಇದು ಈಗ ಬೇಡ. ರಾತ್ರಿ ಬೇಡ, ಮಧ್ಯಾಹ್ನ ತೋರಿಸಿ; ಆಮೇಲೆ ಬೆಳಕಿರುವಾಗ ಒಟ್ಟಿಗೆ ಹೊರಗೆ ನಡೆದು ಬರಲು ಹೊತ್ತಿರಬೇಕು. ಒಬ್ಬರೇ ಮೊಬೈಲಿನಲ್ಲಿ ನೋಡುವುದಂತೂ ಬೇಡವೇ ಬೇಡ.

ಎರಡನೆಯದಾಗಿ, ಎರಡು ತಿಂಗಳು ಕಳೆದ ಮೇಲೆ, ‘ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್’ ನೋಡಿದೆವು. ಸುನಾವೊ ಕತಾಬುಚಿ 2016ರಲ್ಲಿ ಮಾಡಿದ ಇದೂ ಅನಿಮೇಷನ್ ಚಿತ್ರವೇ, ಆದರೆ ಎರಡು ಗಂಟೆ ಮೀರುತ್ತದೆ, ನಿಧಾನವಾಗಿ ನಡೆಯುತ್ತದೆ. ಹಿರೋಶಿಮಾದ ಹುಡುಗಿ ಸುಜು ನೌಕಾನೆಲೆಯ ಊರಾದ ಕುರೆಗೆ ಸೊಸೆಯಾಗಿ ಬಂದು, ಕಡಿಮೆಯಾಗುತ್ತಾ ಹೋಗುವ ಪಡಿತರದಲ್ಲಿ ಸಂಸಾರ ತೂಗಿಸುವುದೇ ಬಹುಪಾಲು ಕಥೆ. ಅಕ್ಕಿಯನ್ನು ಹುರಿದು, ನೆನೆಸಿ, ಆಮೇಲೆ ಬೇಯಿಸಿ ಹೆಚ್ಚು ಉಬ್ಬಿಸುವ ಒಂದು ಹಳೆಯ ಉಪಾಯವನ್ನು ಅವಳು ಮಾಡಿ ನೋಡುತ್ತಾಳೆ. ಪಾತ್ರೆ ತುಂಬುತ್ತದೆ, ರುಚಿ ಯಾರಿಗೂ ಹಿಡಿಸುವುದಿಲ್ಲ. ಮಂಡಕ್ಕಿ ಭಟ್ಟಿಗಳ ಊರಿನ ಹುಡುಗನಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಒಂದು ಸೇರು ಅಕ್ಕಿ ಅರಳಿ ಮೊರದ ತುಂಬ ಆದರೂ ತೂಕ ಅದೇ ಎಂದು ಅವನೇ ಹೇಳಿದ. ಇಲ್ಲಿಯೂ ಒಂದು ಮಗು ಸಾಯುತ್ತದೆ: ತಡವಾಗಿ ಸಿಡಿಯುವ ಬಾಂಬಿನಿಂದ. ಸುಜುವಿನ ಬಲಗೈ ಹಿಡಿದಿದ್ದ, ಗಂಡನ ಅಕ್ಕನ ಮಗಳೂ, ಚಿತ್ರ ಬರೆಯುತ್ತಿದ್ದ ಆ ಬಲಗೈಯೂ ಒಟ್ಟಿಗೆ ಹೋಗುತ್ತವೆ. ಆದರೂ ಇದರಲ್ಲಿ ನಗು ಇದೆ, ಮನೆ ಇದೆ. ಮೊದಲನೆಯದನ್ನು ತಡೆಯಲಾರರು ಎನಿಸಿದವರಿಗೆ ಇದರಿಂದಲೇ ಶುರುಮಾಡಬಹುದು.

ಇದನ್ನು ತೋರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲ ಚಿತ್ರ ಹೇಳದೆ ಬಿಟ್ಟದ್ದನ್ನು ಇದು ಹೇಳುತ್ತದೆ. ಜಪಾನ್ ಸೋತಿತೆಂದು ರೇಡಿಯೊದಲ್ಲಿ ಕೇಳಿದಾಗ ಸುಜು ಸಿಟ್ಟಿನಿಂದ ಮನೆ ಬಿಟ್ಟು ಹೊರಗೆ ಓಡುತ್ತಾಳೆ. ದೂರದಲ್ಲಿ ಕೊರಿಯಾದ ಬಾವುಟವೊಂದು ಏರುತ್ತಿರುತ್ತದೆ. ತಾನು ತಿಂದ ಅಕ್ಕಿ, ಸೋಯಾ ಅವರೆ ಕಡಲಾಚೆಯಿಂದ ಬಂದದ್ದು, ತನ್ನ ದೇಹವೇ ಅದರಿಂದ ಆದದ್ದು ಎಂದು ಅವಳಿಗೆ ಆಗ ಅರ್ಥವಾಗುತ್ತದೆ. ಅಂದರೆ ಆ ಅಗುಳು ಇವಳ ಬಟ್ಟಲಿಗೆ ಬಂದದ್ದು ಬೇರೆ ಯಾರದೋ ಬಟ್ಟಲು ಬರಿದಾಗಿ. ಸೌಟು ಹಿಡಿದವಳು ಒಬ್ಬ ಚಿಕ್ಕಮ್ಮ ಮಾತ್ರವಾಗಿರಲಿಲ್ಲ. ಅರ್ಧ ನಿಮಿಷದಲ್ಲಿ ಮುಗಿಯುವ ಮಾತು. ಕೊರಿಯಾ ಆಗ ಜಪಾನಿನ ವಸಾಹತಾಗಿತ್ತು ಎಂದು ಮೊದಲೇ ತಿಳಿಸದಿದ್ದರೆ ನಮ್ಮ ಹುಡುಗರಿಗೆ ಅದು ಕೇಳಿಸುವುದೇ ಇಲ್ಲ.

ಆ ಬರಿದಾದ ಬಟ್ಟಲುಗಳಲ್ಲಿ ಕೆಲವು ನಮ್ಮವೂ ಹೌದು. ಮೂರನೆಯ ಚಿತ್ರ ಸತ್ಯಜಿತ್ ರಾಯ್ ಅವರ ‘ಅಶನಿ ಸಂಕೇತ್’, 1973ರದು, ಅದೇ ವರ್ಷ ಬರ್ಲಿನ್‌ನಲ್ಲಿ ಚಿನ್ನದ ಕರಡಿ ಪ್ರಶಸ್ತಿ ಪಡೆದದ್ದು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬಂಗಾಳಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರು ಬಂದರೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಕರಾವಳಿಯ ಜಿಲ್ಲೆಗಳಿಂದ ಅಕ್ಕಿಯನ್ನು ಸಾಗಿಸಿತು, ದೋಣಿಗಳನ್ನು ವಶಪಡಿಸಿಕೊಂಡಿತು, ನಾಶಮಾಡಿತು. ಬೆಲೆ ಏರಿತು, ಇದ್ದವರು ಬಚ್ಚಿಟ್ಟರು, ಕೂಲಿಯವರ ಕೈಗೆ ಅಕ್ಕಿ ಎಟುಕದಾಯಿತು. 1943ರ ಆ ಬರದಲ್ಲಿ ಸತ್ತವರು 20ರಿಂದ 30 ಲಕ್ಷ ಎಂದು ಬಹುಪಾಲು ಇತಿಹಾಸಕಾರರ ಅಂದಾಜು. ಚಿತ್ರದ ಕೊನೆಯ ಬರಹ 50 ಲಕ್ಷ ಎನ್ನುತ್ತದೆ. ಚಿತ್ರದಲ್ಲಿ ಯುದ್ಧವೆಂದು ಕಾಣಿಸುವುದು ಆಕಾಶದಲ್ಲಿ ಹಾರಿಹೋಗುವ ವಿಮಾನಗಳು ಮಾತ್ರ, ನದಿಯಲ್ಲಿ ನಿಂತ ಹೆಂಗಸರಿಗೆ ಅವು ಕೊಕ್ಕರೆಯ ಸಾಲಿನಂತೆ ಚಂದ ಕಾಣುತ್ತವೆ. ಊರು ಹಸಿರಾಗಿದೆ, ಕೆರೆ ತುಂಬಿದೆ, ರಾಯ್ ಇದನ್ನು ಬಣ್ಣದಲ್ಲಿ ತೆಗೆದಿದ್ದಾರೆ. ಬರವೆಂದರೆ ಒಣಗಿ ಬಿರಿದ ನೆಲ ಎಂದು ಜಗಳೂರು, ಚಳ್ಳಕೆರೆಯ ಬಯಲು ನೋಡಿ ಬೆಳೆದ ನಮ್ಮ ಮಕ್ಕಳಿಗೆ, ಮಳೆ ಬಂದ ವರ್ಷವೂ ಜನ ಹಸಿವಿನಿಂದ ಸಾಯಬಹುದು ಎಂಬುದು ಕಣ್ಣಿಗೆ ಕಟ್ಟುವುದು ಆ ಹಸಿರಿನಿಂದಲೇ. ಅಸ್ಪೃಶ್ಯಳೆನಿಸಿದ ಮೋತಿ ಎಂಬ ಹೆಂಗಸು ಮರದ ಕೆಳಗೆ ಸತ್ತು ಬಿದ್ದಾಗ, ಅಲ್ಲಿಯವರೆಗೆ ಜಾತಿಯ ಬಲದಿಂದ ಊರವರಿಂದ ದವಸ ಪಡೆದು ಬದುಕಿದ್ದ ಬ್ರಾಹ್ಮಣ ಗಂಗಾಚರಣ ಅವಳ ಕೈ ಹಿಡಿದು ನಾಡಿ ನೋಡುತ್ತಾನೆ. ಈ ಚಿತ್ರವನ್ನು 16 ದಾಟಿದವರಿಗೆ ಮಾತ್ರ ತೋರಿಸಬೇಕು. ಹೆಂಗಸಿನ ಮೇಲೆ ಕೈ ಮಾಡುವ ಒಂದು ದೃಶ್ಯವಿದೆ, ಅಕ್ಕಿಗಾಗಿ ತನ್ನನ್ನೇ ಒಪ್ಪಿಸಿಕೊಳ್ಳುವ ಹೆಣ್ಣೊಬ್ಬಳಿದ್ದಾಳೆ. ಹಾಗಾಗಿ ಇದಕ್ಕೆ ಮಗನನ್ನು ಕೂರಿಸಲಿಲ್ಲ. ಅಕ್ಕನ ಮಗಳೂ ನಾನೂ ನೋಡಿದೆವು.

ನಮ್ಮ ಅತ್ತೆಯವರು, ಈಗ ಅವರಿಗೆ 87, ಅದೇ ಕೋಣೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಮಾಡುತ್ತಿದ್ದಾರೆಂದುಕೊಂಡಿದ್ದೆವು. ಚಿತ್ರ ಮುಗಿದ ಮೇಲೆ, ಅಕ್ಕಿ ಬಚ್ಚಿಟ್ಟವರ ಬಗ್ಗೆ ನಾವಿಬ್ಬರೂ ಮಾತಾಡುತ್ತಿದ್ದಾಗ ಅವರು ಈ ಕಡೆ ತಿರುಗಿ, “ನಮ್ಮಪ್ಪನೂ ಹಗೇವಿನಾಗೆ ಬಚ್ಚಿಟ್ಟಿದ್ದ” ಎಂದರು. ಲೆವಿ ಎಂದು ಸರ್ಕಾರಕ್ಕೆ ಧಾನ್ಯ ಅಳೆದು ಒಯ್ಯುವವರು ಬರುತ್ತಾರೆಂದು ಸುದ್ದಿ ಬಂದ ರಾತ್ರಿ ನೆಲದಡಿಯ ಆ ಹಗೇವಿನ ಬಾಯಿಗೆ ಬಂಡೆ ಎಳೆದು, ಮಣ್ಣು ಮುಚ್ಚಿ, ಮೇಲೆ ಮೇವು ಹರವಿ, ಅದರ ಮೇಲೆ ಕರು ಕಟ್ಟುತ್ತಿದ್ದರಂತೆ. ಮಕ್ಕಳು ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಆಣೆ ಹಾಕಿಸುತ್ತಿದ್ದರಂತೆ. ನನಗೆ ಸೇತಾ ಹಿತ್ತಲಲ್ಲಿ ಹೂತಿಟ್ಟ ಆಹಾರ ನೆನಪಾಯಿತು.

ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. “ಅಜ್ಜಿ, ಅದೂ ಇದೇ ಯುದ್ಧನಾ?” ಎಂದು ಕೇಳಿದ.

“ಯುದ್ಧ ಎಲ್ಲಿ ಆಗ್ತೈತೆ ಅಂತ ನಮಗೇನು ಗೊತ್ತಪ್ಪ. ಜೋಳ ಅಳೆಯೋರು ಬರ್ತಾರೆ ಅಂತ ಅಷ್ಟೇ ಗೊತ್ತಿತ್ತು” ಎಂದು ಹೇಳಿ ಅವರು ಮತ್ತೆ ಗೋಡೆಯ ಕಡೆಗೆ ತಿರುಗಿದರು.